ಹೆಂಚಿನ ಫಿಲ್ಲರ್ ಸ್ಲ್ಯಾಬ್: ಅಳತೆ ಹಾಕುವುದರಿಂದ ಸೆಂಟ್ರಿಂಗ್ ಬಿಚ್ಚುವವರೆಗೆ

ಕೆಳಭಾಗದ ಕಾಂಕ್ರೀಟ್ ಒಂದಿಷ್ಟು ಬಿಟ್ಟು ಆ ಜಾಗಕ್ಕೆ ಹೆಂಚು ಇಡುವ ಫಿಲ್ಲರ್ ಸ್ಲ್ಯಾಬ್ ಹಾಕಿಸಿದವರ ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಸೆಂಟ್ರಿಂಗ್ ಬಿಚ್ಚಿದಾಗ ಹೆಂಚಿನ ಸಾಲು ಸೊಟ್ಟಗಿತ್ತು, ಹೆಂಚುಗಳ ನಡುವಿನ ಕಾಂಕ್ರೀಟ್ ಪಟ್ಟಿಯಲ್ಲಿ ಕಂಬಿ ಇಣುಕುತ್ತಿತ್ತು, ಕಾಂಕ್ರೀಟ್ ಉಳಿಯುತ್ತದೆ ಅಂದಿದ್ದರು, ಬಿಲ್ ನೋಡಿದರೆ ಏನೂ ಉಳಿದಿರಲಿಲ್ಲ. ಈ ಮೂರಕ್ಕೂ ಕಾರಣ ಕೆಲಸದ ಕ್ರಮ ತಪ್ಪಿದ್ದು. ಇಲ್ಲಿ 10 ಅಡಿ × 12 ಅಡಿಯ ಒಂದು ಕೋಣೆಯನ್ನು ಹಿಡಿದು, ಯಾವುದರ ನಂತರ ಯಾವುದು ಅನ್ನುವುದನ್ನು ಪೂರ್ತಿ ನೋಡೋಣ.

ಒಂದು ವಿಷಯ ಮಾತ್ರ ಮೊದಲೇ ತಲೆಯಲ್ಲಿರಲಿ. ಗೋಡೆಯಿಂದ ಗೋಡೆಗೆ ಕೂತ ಸ್ಲ್ಯಾಬ್ ಭಾರಕ್ಕೆ ಬಾಗುವಾಗ ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಎಳೆದುಕೊಳ್ಳುತ್ತದೆ. ಒತ್ತಡ ತಡೆಯುವುದು ಮೇಲಿನ ಕಾಂಕ್ರೀಟ್, ಎಳೆತ ತಡೆಯುವುದು ಕೆಳಗಿನ ಕಂಬಿ. ಕೆಳಗಡೆ ಕಂಬಿಯ ಸುತ್ತ ಇರುವ ಕಾಂಕ್ರೀಟ್‌ಗೆ ಕಂಬಿಯನ್ನು ಹಿಡಿದುಕೊಂಡು ಕಾಪಾಡುವ ಕೆಲಸ. ಕಂಬಿಯಿಂದ ದೂರ ಇರುವ ಕೆಳಗಿನ ಕಾಂಕ್ರೀಟ್ ಬಹುಪಾಲು ಸುಮ್ನೆ ಭಾರ. ಆ ಜಾಗದಲ್ಲಿ ಹೆಂಚು ಅಥವಾ ಮಣ್ಣಿನ ಬಟ್ಟಲು ಇಡುತ್ತೇವೆ, ಅಷ್ಟೇ. ಎಲ್ಲಿ ಹೆಂಚು ಇಡಬಾರದು ಅನ್ನುವ ಪ್ರಶ್ನೆಗಳಿಗೆಲ್ಲ ಉತ್ತರ ಇದರಲ್ಲೇ ಸಿಗುತ್ತದೆ.

## ಹಂತ 1: ಈ ಜಾಗಕ್ಕೆ ಹೊಂದುತ್ತದಾ ನೋಡಿ

ಸರಿಯಾಗಿ ಹೊಂದುವ ಜಾಗ ಅಂದರೆ ನಾಲ್ಕೂ ಕಡೆ ಗೋಡೆ ಅಥವಾ ತೊಲೆ ಇರುವ ಸಾಮಾನ್ಯ ಕೋಣೆ. ಚಿಕ್ಕ ಬದಿ ಸುಮಾರು 3ರಿಂದ 4.5 ಮೀಟರ್ ಇರಬೇಕು. ಮೇಲೆ ಮನೆಯ ಮಾಮೂಲಿ ಬಳಕೆಯ ಭಾರ ಮಾತ್ರ ಬರಬೇಕು.

ಬಾಲ್ಕನಿ, ಸಜ್ಜಾ ಹೀಗೆ ಗೋಡೆಯಿಂದ ಹೊರಚಾಚಿದ ಭಾಗಕ್ಕೆ ಹೆಂಚು ಇಡಲೇಬೇಡಿ. ಅಲ್ಲಿ ಎಳೆತ ಮೇಲೆ, ಒತ್ತಡ ಕೆಳಗೆ. ನೀವು ತೆಗೆಯುವ ಕಾಂಕ್ರೀಟೇ ಅಲ್ಲಿ ಭಾರ ಹೊರುವುದು. ಒಂದೇ ಸ್ಲ್ಯಾಬ್ ಎರಡು ಕೋಣೆಗಳ ಮೇಲೆ ಹಾದು ಹೋಗುವಾಗ ನಡುಗೋಡೆಯ ಎರಡೂ ಪಕ್ಕಕ್ಕೂ ಇದೇ ಮಾತು.

ಬಚ್ಚಲುಮನೆಯ ನೆಲಕ್ಕೂ ಬೇಡ. ಹೆಂಚಿನ ಜೋಡಿಯೊಳಗೆ ಟೊಳ್ಳು ಇರುತ್ತದೆ. ಸೋರಿದ ನೀರು ಅದರಲ್ಲಿ ನಿಂತು, ಎಲ್ಲೋ ದೂರದ ಪಟ್ಟಿಯಲ್ಲಿ ತೇವವಾಗಿ ಕಾಣಿಸಿಕೊಳ್ಳುತ್ತದೆ. ಸೋರಿಕೆ ಎಲ್ಲಿಂದ ಅಂತ ಹುಡುಕುವುದರಲ್ಲೇ ಸಾಕಾಗುತ್ತದೆ. ನೀರಿನ ಟ್ಯಾಂಕ್ ಕೂರುವ ಜಾಗ, ವಾಹನ ನಿಲ್ಲಿಸುವ ಜಾಗ, ಮೆಟ್ಟಿಲು, ಮುಂದೆ ಗೋಡೆ ಎದ್ದೇಳುವ ಜಾಗ ಇವನ್ನೂ ಹೆಂಚಿಲ್ಲದ ಗಟ್ಟಿ ಕಾಂಕ್ರೀಟಿಗೇ ಬಿಡಿ.

ಇನ್ನೊಂದು ಲೆಕ್ಕವನ್ನು ಬಹಳ ಜನ ಮಾಡುವುದೇ ಇಲ್ಲ. ಹೆಂಚಿನ ಸ್ಲ್ಯಾಬ್ ಸಾಮಾನ್ಯವಾಗಿ 5 ಇಂಚು, ಅಂದರೆ 125 ಮಿ.ಮೀ. ದಪ್ಪ ಬರುತ್ತದೆ. ನಿಮ್ಮ ಕೋಣೆಗೆ 4 ಇಂಚಿನ ಗಟ್ಟಿ ಸ್ಲ್ಯಾಬೇ ಸಾಕಾಗುತ್ತಿದ್ದರೆ, ಹೆಂಚು ಇಡುವುದಕ್ಕೋಸ್ಕರ ದಪ್ಪ ಹೆಚ್ಚಿಸಿ, ಆಮೇಲೆ ಅದೇ ಕಾಂಕ್ರೀಟನ್ನು ಉಳಿಸಿದ ಹಾಗಾಗುತ್ತದೆ. ಕಿರಿದಾದ ಪ್ಯಾಸೇಜ್, ಸಣ್ಣ ಸ್ಟೋರ್ ರೂಮ್‌ಗಳಲ್ಲಿ ಹೀಗೇ ಆಗುವುದು. ಹೇಗೂ 5 ಇಂಚು ಬೇಕಾಗಿದ್ದ ಜಾಗದಲ್ಲಿ ಮಾತ್ರ ಉಳಿತಾಯ ಕೈಗೆ ಸಿಗುತ್ತದೆ.

## ಹಂತ 2: ಹೆಂಚು ಆರಿಸಿ, ಜೋಡಿ ಮಾಡಿ

ಮಂಗಳೂರು ಹೆಂಚು ಸುಮಾರು 410 ಮಿ.ಮೀ. ಉದ್ದ, 240 ಮಿ.ಮೀ. ಅಗಲ ಇರುತ್ತದೆ. ತಯಾರಿಕೆಯಿಂದ ತಯಾರಿಕೆಗೆ ಸ್ವಲ್ಪ ವ್ಯತ್ಯಾಸ ಇದೆ. ಹಾಗಾಗಿ ಹೆಂಚು ಸೈಟಿಗೆ ಬಂದ ಮೇಲೆ, ಅಳೆದು, ಆಮೇಲೆ ನಕ್ಷೆ ಮಾಡಿಸಿ. ನಕ್ಷೆ ಮಾಡಿಸಿ ಹೆಂಚು ತಂದರೆ ಲೆಕ್ಕ ಕೂಡುವುದಿಲ್ಲ.

ಹಳೆ ಹೆಂಚು ಧಾರಾಳವಾಗಿ ಬಳಸಬಹುದು, ಗಟ್ಟಿ ಇದ್ದರೆ ಸಾಕು. ಒಂದು ಕೈಯಲ್ಲಿ ಹಿಡಿದು ಬೆರಳ ಗೆಣ್ಣಿನಿಂದ ತಟ್ಟಿ. ಟಣ್ ಅಂದರೆ ಒಳ್ಳೆಯದು. ಡಬ್ ಅಂದರೆ ಒಳಗೆ ಬಿರುಕಿದೆ, ಪಕ್ಕಕ್ಕಿಡಿ. ಪಾಚಿ, ಎಣ್ಣೆ, ಮಸಿ ಇದ್ದರೆ ತಂತಿ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಹಾಗೇ ಬಿಟ್ಟರೆ ಕಾಂಕ್ರೀಟ್ ಅಂಟುವುದಿಲ್ಲ.

ಎರಡು ಹೆಂಚುಗಳನ್ನು ಒಂದರ ಮೇಲೊಂದು, ಒಳಮೈ ಒಳಮೈಗೆ ಎದುರಾಗುವಂತೆ ಇಟ್ಟರೆ ಸುಮಾರು 75 ಮಿ.ಮೀ. ಎತ್ತರದ ಟೊಳ್ಳು ಜೋಡಿ ಸಿಗುತ್ತದೆ. ಜೋಡಿಯ ಅಂಚಿನ ಸಂದುಗಳನ್ನು ತೆಳ್ಳಗೆ ಗಾರೆಯಿಂದ ಮುಚ್ಚಿ, ಒಂದು ದಿನ ಒಣಗಲು ಬಿಡಿ. ಈ ಕೆಲಸ ತಪ್ಪಿಸಿಕೊಳ್ಳುವವರೇ ಜಾಸ್ತಿ. ಸಂದು ತೆರೆದಿದ್ದರೆ ಸಿಮೆಂಟ್ ಹಾಲು ಟೊಳ್ಳಿನೊಳಗೆ ಹರಿದು ತುಂಬಿಕೊಳ್ಳುತ್ತದೆ. ಉಳಿತಾಯವೂ ಹೋಯಿತು, ಹಾಲು ಬಿಟ್ಟುಕೊಟ್ಟ ಪಟ್ಟಿಯ ಕಾಂಕ್ರೀಟೂ ಜಾಳಾಯಿತು.

ಮಣ್ಣಿನ ಬಟ್ಟಲು ಅಥವಾ ಕುಡಿಕೆ ಬಳಸುವುದಾದರೆ ಬಾಯಿ ಕೆಳಗೆ ಮಾಡಿ ಬೋರಲಾಗಿ ಇಡಬೇಕು. ಆಳವಾದ ಮಡಕೆ ಈ ದಪ್ಪಕ್ಕೆ ಆಗುವುದಿಲ್ಲ. 5 ಇಂಚಿನ ಸ್ಲ್ಯಾಬಿಗೆ 75 ಮಿ.ಮೀ. ಮೀರದ ಬಟ್ಟಲೇ ಬೇಕು. ಕೈಯಲ್ಲಿ ಮಾಡಿದವು ಒಂದೇ ಎತ್ತರ ಇರುವುದಿಲ್ಲವಲ್ಲ, ಅದಕ್ಕೆ ಅತಿ ಎತ್ತರದ್ದನ್ನು ಹಿಡಿದು ಲೆಕ್ಕ ಹಾಕಿ. ದುಂಡು ಬಟ್ಟಲು ಒಂದೇ ಅಗಲದ ಹೆಂಚಿಗಿಂತ ಕಡಿಮೆ ಕಾಂಕ್ರೀಟ್ ಉಳಿಸುತ್ತದೆ. ಆದರೆ ಅದರ ಇಳಿಜಾರು ಬದಿಯಿಂದ ಪಟ್ಟಿ ಮೇಲೆ ಹೋದಂತೆ ಅಗಲವಾಗುವುದರಿಂದ ಕಾಂಕ್ರೀಟ್ ಸಲೀಸಾಗಿ ಇಳಿಯುತ್ತದೆ. ಮುಂದಿನ ಹಂತಗಳೆಲ್ಲ ಎರಡಕ್ಕೂ ಒಂದೇ.

## ಹಂತ 3: ಹೆಂಚು ಮತ್ತು ಕಂಬಿ ಎರಡನ್ನೂ ಒಂದೇ ಹಾಳೆಯಲ್ಲಿ ಬರೆಸಿ

ಇಡೀ ಕೆಲಸದ ಹಣೆಬರಹ ಇಲ್ಲೇ ನಿರ್ಧಾರವಾಗುವುದು. ಕಂಬಿಯ ನಕ್ಷೆ ಬೇರೆ, ಹೆಂಚಿನ ನಕ್ಷೆ ಬೇರೆ ಇದ್ದರೆ ಸೈಟಿನಲ್ಲಿ ಎರಡೂ ಜಗಳವಾಡುತ್ತವೆ. ಇಂಜಿನಿಯರ್ ಬಳಿ ಎರಡನ್ನೂ ಒಂದೇ ಹಾಳೆಯಲ್ಲಿ ಮಾಡಿಸಿಕೊಳ್ಳಿ.

ನಮ್ಮ ಕೋಣೆಯ ಒಳ ಅಳತೆ 3 ಮೀ. × 3.6 ಮೀ. ಇರಲಿ. ಗೋಡೆಯ ಸುತ್ತ ಸುಮಾರು ಒಂದು ಅಡಿ ಗಟ್ಟಿ ಕಾಂಕ್ರೀಟ್ ಬಿಡಬೇಕು. ಗೋಡೆಯ ಹತ್ತಿರ ಸ್ಲ್ಯಾಬನ್ನು ಕತ್ತರಿಸುವಂಥ ಬಲ ಜಾಸ್ತಿ, ಅಲ್ಲಿ ಟೊಳ್ಳು ಇರಬಾರದು. ಹೆಂಚುಗಳ ನಡುವಿನ ಪಟ್ಟಿ 100 ಮಿ.ಮೀ. ಹಿಡಿಯೋಣ.

3 ಮೀಟರ್ ಬದಿಯಲ್ಲಿ ಹೆಂಚಿನ ಉದ್ದ ಬರುವಂತೆ ಇಟ್ಟರೆ 5 ಹೆಂಚು ಮತ್ತು ನಡುವೆ 4 ಪಟ್ಟಿ, ಒಟ್ಟು 2,450 ಮಿ.ಮೀ. ಎರಡೂ ತುದಿಗೆ 275 ಮಿ.ಮೀ. ಉಳಿಯುತ್ತದೆ. 3.6 ಮೀಟರ್ ಬದಿಯಲ್ಲಿ 9 ಹೆಂಚು ಮತ್ತು 8 ಪಟ್ಟಿ, ಒಟ್ಟು 2,960 ಮಿ.ಮೀ. ತುದಿಗೆ 320 ಮಿ.ಮೀ. ಉಳಿಯುತ್ತದೆ. ಅಂದರೆ 45 ಜೋಡಿ. ಎರಡೂ ಕಡೆ ಬೆಸ ಸಂಖ್ಯೆ ಬಂದಿರುವುದು ಅನುಕೂಲವೇ ಆಯಿತು. ಸರಿಯಾಗಿ ಕೋಣೆಯ ನಡುಮಧ್ಯಕ್ಕೆ ಒಂದು ಜೋಡಿ ಬರುತ್ತದೆ. ಅದನ್ನು ಬಿಟ್ಟು ಆ ಜಾಗವನ್ನು ಫ್ಯಾನ್ ಕೊಕ್ಕೆಗೆ ಗಟ್ಟಿಯಾಗಿ ತುಂಬಿಸಿ. ಉಳಿದದ್ದು 44 ಜೋಡಿ, 88 ಹೆಂಚು. ಒಡೆಯುವುದನ್ನು ಸೇರಿಸಿ 100 ತರಿಸಿ.

ಈಗ ಉಳಿತಾಯ ನೋಡಿ. ಗಟ್ಟಿ ಸ್ಲ್ಯಾಬ್ ಆಗಿದ್ದರೆ ಒಳ ಅಳತೆಗೆ 1.35 ಘನ ಮೀಟರ್ ಕಾಂಕ್ರೀಟ್ ಬೇಕಿತ್ತು. 44 ಜೋಡಿಗಳು ಆಕ್ರಮಿಸುವ ಜಾಗ ಸುಮಾರು 0.32 ಘನ ಮೀಟರ್. ಕಾಗದದ ಮೇಲೆ ಹೆಚ್ಚುಕಡಿಮೆ ನಾಲ್ಕನೇ ಒಂದು ಭಾಗ ಉಳಿಯಿತು. ಹೆಂಚಿನ ಉಬ್ಬುತಗ್ಗಿನಲ್ಲಿ ಒಂದಿಷ್ಟು ಕಾಂಕ್ರೀಟ್ ಕೂರುವುದರಿಂದ ನಿಜದಲ್ಲಿ ಐದನೇ ಒಂದು ಭಾಗ ಅಂತ ಇಟ್ಟುಕೊಳ್ಳಿ. ಇದೇ ಕೋಣೆಗೆ 100 ಮಿ.ಮೀ. ಗಟ್ಟಿ ಸ್ಲ್ಯಾಬ್ ಸಾಕು ಅಂತ ಇಂಜಿನಿಯರ್ ಹೇಳಿದರೆ? ಆಗ ಬೇಕಾಗುವುದು 1.08 ಘನ ಮೀಟರ್ ಮಾತ್ರ. ಹೆಂಚಿನ ಸ್ಲ್ಯಾಬಿಗೂ ಹೆಚ್ಚುಕಡಿಮೆ ಅಷ್ಟೇ ಬೇಕು. ಅಂಥ ಸಂದರ್ಭದಲ್ಲಿ ಹೆಂಚಿನ ಗೋಜಿಗೆ ಹೋಗಬೇಡಿ.

ಕಂಬಿಯ ವಿಷಯದಲ್ಲಿ ಆಸೆ ಸ್ವಲ್ಪ ಕಡಿಮೆ ಇರಲಿ. ಕಂಬಿ ಉಳಿಯುವುದು ಸ್ಲ್ಯಾಬ್ ಹಗುರಾದಷ್ಟಕ್ಕೆ ಮಾತ್ರ. ತೆಗೆದ ಕಾಂಕ್ರೀಟಿನ ತೂಕದಲ್ಲಿ ಹೆಂಚಿನ ತೂಕ ಕಳೆದು, ನೆಲದ ಟೈಲ್ಸ್, ಜನ, ಸಾಮಾನು ಎಲ್ಲ ಸೇರಿದ ಒಟ್ಟು ಭಾರದ ಜತೆ ಹೋಲಿಸಿದರೆ ಇಳಿಕೆ ಹತ್ತನೇ ಒಂದು ಭಾಗವೂ ಬರುವುದಿಲ್ಲ. ಕಂಬಿಯನ್ನು ಅದಕ್ಕಿಂತ ಜಾಸ್ತಿ ಕಡಿಮೆ ಮಾಡಿದ್ದೇವೆ ಅಂತ ಯಾರಾದರೂ ಹೇಳಿದರೆ ಲೆಕ್ಕ ತೋರಿಸಿ ಅನ್ನಿ.

ದೊಡ್ಡ ತಪ್ಪು ಆಗುವುದೂ ಇಲ್ಲೇ. ಗಟ್ಟಿ ಸ್ಲ್ಯಾಬಿನ ಲೆಕ್ಕದಲ್ಲಿ ಚಿಕ್ಕ ಬದಿಗೆ 8 ಮಿ.ಮೀ. ಕಂಬಿ 150 ಮಿ.ಮೀ.ಗೆ ಒಂದರಂತೆ ಬೇಕು ಎಂದಿಟ್ಟುಕೊಳ್ಳಿ. ನಮ್ಮ ಪಟ್ಟಿಗಳು ಬರುವುದು 340 ಮಿ.ಮೀ.ಗೆ ಒಂದು. ಪಟ್ಟಿಗೊಂದು ಕಂಬಿ ಹಾಕಿದರೆ ಬೇಕಾದದ್ದರ ಅರ್ಧವೂ ಆಗಲಿಲ್ಲ. 8 ಮಿ.ಮೀ.ಯ ಎರಡು ಹಾಕಿದರೂ ಸ್ವಲ್ಪ ಕಡಿಮೆಯೇ, ಹಗುರಾದ ಭಾರವನ್ನು ಲೆಕ್ಕಕ್ಕೆ ತಗೊಂಡರೂ ಕೂಡ. ಪಟ್ಟಿಗೆ 10 ಮಿ.ಮೀ.ಯ ಒಂದು, 8 ಮಿ.ಮೀ.ಯ ಒಂದು ಹಾಕಿದರೆ ಲೆಕ್ಕ ಕೂಡುತ್ತದೆ. ಇದು ಲೆಕ್ಕದ ದಾರಿ ತೋರಿಸುವ ಉದಾಹರಣೆ. ನಿಮ್ಮ ಕೋಣೆಯ ಅಂಕಿ ನಿಮ್ಮ ಇಂಜಿನಿಯರ್ ಕೊಡಬೇಕು.

ಪಟ್ಟಿ 100 ಮಿ.ಮೀ. ಯಾಕೆ, 75 ಯಾಕಾಗದು ಅಂತ ಬಹಳ ಜನ ಕೇಳುತ್ತಾರೆ. ಎರಡು ಕಂಬಿ, ನಡುವೆ ಜಲ್ಲಿ ಇಳಿಯಲು 25 ಮಿ.ಮೀ. ಜಾಗ ಕಳೆದರೆ 100ರ ಪಟ್ಟಿಯಲ್ಲಿ ಕಂಬಿಯ ಪಕ್ಕಕ್ಕೆ ಸುಮಾರು 28 ಮಿ.ಮೀ. ಕಾಂಕ್ರೀಟ್ ಸಿಗುತ್ತದೆ. 75ರಲ್ಲಿ 16 ಮಾತ್ರ. ಹೆಂಚು ನೀರು ಕುಡಿಯುವ ವಸ್ತು, ಅದನ್ನು ಕಂಬಿಯನ್ನು ಕಾಪಾಡುವ ಕವರ್ ಅಂತ ಲೆಕ್ಕಕ್ಕೆ ಹಿಡಿಯಬಾರದು.

## ಹಂತ 4: ಸೆಂಟ್ರಿಂಗ್ ಮಾಡಿ, ಗೆರೆ ಹೊಡೆಯಿರಿ

ಹೆಂಚಿನ ತಳ ಮುಂದೆ ಮೇಲ್ಛಾವಣಿಯ ಒಳಮುಖವಾಗಿ ಹಾಗೇ ಕಾಣುತ್ತದೆ. ಹಾಗಾಗಿ ಹಲಗೆಗಳು ಒಂದೇ ಮಟ್ಟದಲ್ಲಿರಬೇಕು. ಒಂದು ಹಲಗೆ ಸ್ವಲ್ಪ ತಗ್ಗಿದ್ದರೂ ಅಲ್ಲಿ ಹೆಂಚಿನಡಿಗೆ ಸಿಮೆಂಟ್ ಹಾಲು ನುಗ್ಗಿ ಬೂದು ಕಲೆ ಮಾಡುತ್ತದೆ. ಹಲಗೆ ಸಂದುಗಳಿಗೆ ಟೇಪ್ ಹಚ್ಚಿ. ಸೆಂಟ್ರಿಂಗ್ ಎಣ್ಣೆಯನ್ನು ಹೆಂಚು ಕೂರುವ ಜಾಗಕ್ಕೆ ಬಳಿಯಬೇಡಿ, ಹೆಂಚು ಹೀರಿಕೊಂಡು ಕಪ್ಪಾಗುತ್ತದೆ. ಎಣ್ಣೆ ಬದಲು ಸುಕ್ಕಿಲ್ಲದೆ ಪ್ಲಾಸ್ಟಿಕ್ ಹಾಳೆ ಹಾಸಿದರೆ ಇನ್ನೂ ಒಳ್ಳೆಯದು.

ಕೋಣೆಯ ಮಧ್ಯದಿಂದ ಶುರುಮಾಡಿ ಬಣ್ಣದ ದಾರದಿಂದ ಗೆರೆ ಹೊಡೆಯಿರಿ. ಒಂದು ಗೋಡೆಯಿಂದ ಶುರುಮಾಡಿದರೆ ಗೋಡೆಯ ಸೊಟ್ಟವೆಲ್ಲ ಹೆಂಚಿನ ಸಾಲಿಗೆ ಬರುತ್ತದೆ. ಪ್ರತಿ ಹೆಂಚಿನ ನಾಲ್ಕೂ ಅಂಚು ಗೆರೆಯಲ್ಲಿ ಕಾಣಬೇಕು.

## ಹಂತ 5: ಕಂಬಿ, ಪೈಪ್, ಆಮೇಲೆ ಹೆಂಚು

ಈ ಕ್ರಮ ಬದಲಿಸಬೇಡಿ. ಮೊದಲು ಕೆಳಗಿನ ಕಂಬಿಗಳನ್ನು ಪಟ್ಟಿಯ ಗೆರೆಗಳ ನಡುವೆ ಕಟ್ಟಿ, ಅಡಿಗೆ 20 ಮಿ.ಮೀ. ಕವರ್ ಬ್ಲಾಕ್ ಕೊಡಿ. ಕವರ್ ಬ್ಲಾಕ್ ಬದಲು ಹೆಂಚಿನ ಚೂರು ಇಡುವ ಚಾಳಿ ಇದೆ. ಅದು ತೇವವನ್ನು ನೇರ ಕಂಬಿಗೆ ಮುಟ್ಟಿಸುತ್ತದೆ.

ಆಮೇಲೆ ಕರೆಂಟ್ ಪೈಪ್ ಮತ್ತು ಫ್ಯಾನ್ ಬಾಕ್ಸ್. ಪೈಪುಗಳು ಆದಷ್ಟು ಗೋಡೆ ಪಕ್ಕದ ಗಟ್ಟಿ ಭಾಗದಲ್ಲಿ ಸುತ್ತಿ ಬರಲಿ. ಪಟ್ಟಿಯೊಳಗೆ ಹಾಯಲೇಬೇಕಾದರೆ ಒಂದು ಪಟ್ಟಿಗೆ ಒಂದೇ ಪೈಪ್, ಅದೂ ಕಂಬಿಗೆ ಅಂಟದ ಹಾಗೆ. ಎಲೆಕ್ಟ್ರಿಷಿಯನ್ ಹೆಂಚು ಇಟ್ಟ ಮೇಲೆ ಬಂದರೆ ಎತ್ತಿಡುತ್ತಾರೆ, ವಾಪಸ್ ಇಡುವಾಗ ಗೆರೆ ನೋಡುವುದಿಲ್ಲ. ಸಾಲು ಸೊಟ್ಟಗಾಗುವ ಕಥೆ ಅರ್ಧ ಇದೇ.

ಈಗ ಹೆಂಚಿನ ಜೋಡಿಗಳನ್ನು ಕಂಬಿಗಳ ನಡುವಿನ ಚೌಕಕ್ಕೆ ಮೇಲಿನಿಂದ ಇಳಿಸಿ. ದೂರದ ಮೂಲೆಯಿಂದ ಶುರುಮಾಡಿ ಹಿಂದಕ್ಕೆ ಬನ್ನಿ, ಇಟ್ಟದ್ದರ ಮೇಲೆ ಯಾರೂ ನಡೆಯಬಾರದು. ಪ್ರತಿ ಪಟ್ಟಿಯಲ್ಲೂ 100 ಮಿ.ಮೀ. ಮರದ ತುಂಡನ್ನು ಹಾಯಿಸಿ ನೋಡಿ. ಅದು ಸಲೀಸಾಗಿ ಹೋದರೆ ಸರಿ, ಸಿಕ್ಕಿಕೊಂಡರೆ ಅಲ್ಲೇ ಸರಿಪಡಿಸಿ.

ಕೊನೆಗೆ ಗೋಡೆಗಳ ಮೇಲೆ ಬರುವ ಮೇಲಿನ ಕಂಬಿ ಮತ್ತು ಹೆಂಚುಗಳ ಮೇಲಿನ ತೆಳು ಜಾಲರಿ. ಪಟ್ಟಿಗಳು ದೂರ ದೂರ ಇರುವುದರಿಂದ ಹೆಂಚಿನ ಮೇಲಿನ ಪದರಕ್ಕೆ ಈ ಜಾಲರಿ ಬೇಕೇಬೇಕು. ಇದನ್ನು ಬಿಟ್ಟ ಸ್ಲ್ಯಾಬುಗಳಲ್ಲಿ ಹೆಂಚಿನ ಸಾಲನ್ನೇ ಅನುಸರಿಸಿ ಮೇಲೆ ಬಿರುಕು ಬರುತ್ತದೆ. ಜಾಲರಿ ಹೆಂಚಿಗೆ ಅಂಟಿ ಮಲಗದಂತೆ ಅದರಡಿಗೂ ಕವರ್ ಬ್ಲಾಕ್ ಇರಲಿ.

## ಹಂತ 6: ಕಾಂಕ್ರೀಟ್ ಹಾಕುವ ದಿನ

ಕಾಂಕ್ರೀಟ್ ಶುರುವಾಗುವ ಮುಂಚೆ ಹೆಂಚಿಗೆ ಚೆನ್ನಾಗಿ ನೀರು ಹೊಡೆದು ನೆನೆಸಿ. ಒಂದು ಸಲ ಚಿಮುಕಿಸಿದರೆ ಸಾಲದು, ನೀರು ಹೀರುವುದು ನಿಲ್ಲುವವರೆಗೆ ಹೊಡೆಯಬೇಕು. ಒಣ ಹೆಂಚು ಕಾಂಕ್ರೀಟಿನ ನೀರನ್ನೇ ಕುಡಿದು ಪಟ್ಟಿಯನ್ನು ಜಾಳು ಮಾಡುತ್ತದೆ. ಹಾಗಂತ ಹಲಗೆಯ ಮೇಲೆ ನೀರು ನಿಂತಿರಲೂಬಾರದು.

ಕೆಲಸಗಾರರಿಗೆ ನಡೆಯಲು ಹಲಗೆ ದಾರಿ ಮಾಡಿಕೊಡಿ. ಹಲಗೆಯ ಕಾಲುಗಳು ಪಟ್ಟಿಯಲ್ಲಿ ಊರಬೇಕು, ಹೆಂಚಿನ ಮೇಲಲ್ಲ. ಬಾಂಡಲಿಯನ್ನು ಎತ್ತರದಿಂದ ಹೆಂಚಿನ ಮೇಲೆ ಸುರಿಯಲು ಬಿಡಬೇಡಿ.

ಮೊದಲು ಪಟ್ಟಿ ತುಂಬಿಸಿ, ಆಮೇಲೆ ಮೇಲಿನ ಪದರ. ಹೆಂಚಿನ ಮೇಲೆ ರಾಶಿ ಹಾಕಿ ಪಟ್ಟಿಗೆ ಎಳೆದರೆ ಹೆಂಚು ಜರುಗುತ್ತದೆ, ಪಟ್ಟಿಯ ತಳಕ್ಕೆ ಕಾಂಕ್ರೀಟ್ ತಲುಪುವುದೂ ಇಲ್ಲ. ಒಂದು ಹೆಂಚಿನ ಎರಡೂ ಪಕ್ಕದ ಪಟ್ಟಿಗಳನ್ನು ಸರಿಸಮವಾಗಿ ಏರಿಸುತ್ತಾ ಬನ್ನಿ. ಒಂದೇ ಕಡೆ ತುಂಬಿದರೆ ಅದು ಇನ್ನೊಂದು ಕಡೆಗೆ ತಳ್ಳುತ್ತದೆ. ಪಟ್ಟಿಗೆ 12 ಮಿ.ಮೀ. ಜಲ್ಲಿ ಇದ್ದರೆ ಎರಡು ಕಂಬಿಗಳ ನಡುವೆ ಸಿಕ್ಕಿಕೊಳ್ಳುವುದಿಲ್ಲ. ವೈಬ್ರೇಟರ್ ಸೂಜಿ ಸಣ್ಣದಿರಲಿ. ಪಟ್ಟಿಗಳು ಕೂಡುವ ಜಾಗದಲ್ಲಿ ನೇರ ಇಳಿಸಿ, ಕೆಲವೇ ಕ್ಷಣ ಹಿಡಿದು, ನಿಧಾನ ಎತ್ತಬೇಕು. ಹೆಂಚಿಗೆ ತಾಗಿದರೆ ಒಡೆದ ಸದ್ದು ಕೇಳಿಸುತ್ತದೆ. ಕೇಳಿಸಿದ ಕೂಡಲೇ ಕೆಲಸ ನಿಲ್ಲಿಸಿ, ಆ ಜೋಡಿ ತೆಗೆದು ಬೇರೆ ಇಡಿಸಿ. ಅದಕ್ಕೇ ಹತ್ತು ಹನ್ನೆರಡು ಹೆಂಚು ಪಕ್ಕದಲ್ಲೇ ನೆನೆಸಿಟ್ಟುಕೊಂಡಿರಬೇಕು.

ಒಬ್ಬರು ಕೆಳಗಿರಲಿ. ಮೇಲೆ ಪಟ್ಟಿ ತುಂಬಿದ ಹಾಗೆ ಕೆಳಗಿನಿಂದ ಪಟ್ಟಿಯ ಜಾಡಿನಲ್ಲಿ ಹಲಗೆಗೆ ಮರದ ಸುತ್ತಿಗೆಯಿಂದ ತಟ್ಟಿ ನೋಡುವುದು ಅವರ ಕೆಲಸ. ಸದ್ದು ಟೊಳ್ಳಾಗಿ ಬಂದರೆ ಅಲ್ಲಿ ಇನ್ನೂ ತುಂಬಿಲ್ಲ ಅಂತ ಮೇಲಿನವರಿಗೆ ಕೂಗಬೇಕು.

ಪಟ್ಟಿ ತುಂಬಿದ ಮೇಲೆ ಅದು ಗಟ್ಟಿಯಾಗಲು ಬಿಡದೆ ಮೇಲಿನ ಪದರ ಹಾಕಿ. ಎರಡೂ ಒಂದೇ ಮೈಯಾಗಿ ಕೂಡಿಕೊಂಡರೆ ಮಾತ್ರ ಸ್ಲ್ಯಾಬ್ ಕೆಲಸ ಮಾಡುವುದು. ಪಟ್ಟಿ ಬೆಳಿಗ್ಗೆ, ಪದರ ಮಧ್ಯಾಹ್ನ ಅನ್ನುವ ಲೆಕ್ಕ ಬೇಡ. ಎರಡು ಮೂರು ಸಾಲು ಪಟ್ಟಿ ತುಂಬಿಸಿ, ಅದರ ಮೇಲೆ ಪದರ ಮುಗಿಸಿ, ಮುಂದಕ್ಕೆ ಹೋಗಿ. ಪದರದ ದಪ್ಪ ಹೆಂಚಿನ ಅತಿ ಎತ್ತರದ ಉಬ್ಬಿನ ಮೇಲೆ 50 ಮಿ.ಮೀ. ಸಿಗಬೇಕು. 50ಕ್ಕೆ ಗುರುತು ಮಾಡಿದ ಕಂಬಿ ತುಂಡನ್ನು ಹೆಂಚಿನ ಮೇಲೆ ಚುಚ್ಚಿ ಅಲ್ಲಲ್ಲಿ ನೋಡುತ್ತಿರಿ. ಒತ್ತಡ ಹೊರುವ ಕಾಂಕ್ರೀಟ್ ಇದೇ, ಇಲ್ಲಿ ಕೈ ಹಿಡಿತ ಮಾಡಬೇಡಿ.

## ಹಂತ 7: ನೀರು ಕಟ್ಟಿ, ಸೆಂಟ್ರಿಂಗ್ ಬಿಚ್ಚಿ

ಮರುದಿನವೇ ಸುತ್ತ ಗಾರೆ ಬದು ಮಾಡಿ ನೀರು ಕಟ್ಟಿ, 14 ದಿನ ಒಣಗಲು ಬಿಡಬೇಡಿ. ಮೇಲಿನ ಪದರ ತೆಳ್ಳಗಿರುವುದರಿಂದ ಬೇಗ ಒಣಗಿ ಬಿರುಕು ಬಿಡುತ್ತದೆ. ಈ ಅಳತೆಯ ಕೋಣೆಗೆ ಸೆಂಟ್ರಿಂಗ್ ಕೂಡ 14 ದಿನ ಇರಲಿ. ಬಿಚ್ಚುವಾಗ ಆಸರೆ ಕಂಬಗಳನ್ನು ಮಧ್ಯದಿಂದ ಶುರುಮಾಡಿ ಗೋಡೆಯ ಕಡೆಗೆ ತೆಗೆಯುತ್ತಾ ಬನ್ನಿ. ಹಲಗೆಯನ್ನು ಹಾರೆಯಿಂದ ಮೀಟಿದರೆ ಹೆಂಚಿನ ಅಂಚು ಚಕ್ಕೆ ಏಳುತ್ತದೆ.

## ಬಿಚ್ಚಿದ ಮೇಲೆ ಏನು ನೋಡಬೇಕು

ಹೆಂಚನ್ನು ತಟ್ಟಿದರೆ ಟೊಳ್ಳು ಸದ್ದು ಬರುತ್ತದೆ. ಒಳಗೆ ಟೊಳ್ಳಿದೆಯಲ್ಲ, ಗಾಬರಿ ಬೇಡ. ಪಟ್ಟಿಯನ್ನು ತಟ್ಟಿದಾಗ ಟೊಳ್ಳು ಸದ್ದು ಬಂದರೆ ಮಾತ್ರ ಚಿಂತೆ ಮಾಡಬೇಕು.

ಪಟ್ಟಿಯ ಮೇಲ್ಮೈಯಲ್ಲಿ ಮಾತ್ರ ಸಣ್ಣ ತೂತುಗಳಿದ್ದರೆ ಸಿಮೆಂಟ್ ಗಾರೆಯಿಂದ ಮುಚ್ಚಬಹುದು. ಜಲ್ಲಿ ಬಿಡಿಬಿಡಿಯಾಗಿದ್ದು ಕಂಬಿ ಕಾಣುತ್ತಿದ್ದರೆ ಮೇಸ್ತ್ರಿ ಗಾರೆ ಮೆತ್ತುವ ಮುಂಚೆ ಇಂಜಿನಿಯರ್‌ಗೆ ತೋರಿಸಿ. ಮೆತ್ತಿದ ಮೇಲೆ ಎಷ್ಟು ಆಳ ಹೋಗಿದೆ ಅಂತ ಯಾರಿಗೂ ಗೊತ್ತಾಗುವುದಿಲ್ಲ.

ಹೆಂಚಿನ ಮೇಲಿನ ಬೂದು ಕಲೆ ನೋಡಲು ಚೆನ್ನಾಗಿರುವುದಿಲ್ಲ ಅಷ್ಟೇ, ಉಜ್ಜಿದರೆ ಬಹುಪಾಲು ಹೋಗುತ್ತದೆ. ಪಟ್ಟಿಯುದ್ದಕ್ಕೂ ಕಂದು ಗೆರೆ ಮೂಡಿದರೆ ಕಂಬಿ ತುಕ್ಕು ಹಿಡಿಯುತ್ತಿದೆ ಅಂತ ಅರ್ಥ, ತಡಮಾಡಬೇಡಿ. ಮೇಲ್ಭಾಗದಲ್ಲಿ ನೇರ ಗೆರೆಯಂಥ ಬಿರುಕುಗಳು ಹೆಂಚಿನ ಅಂಚಿಗೆ ಸರಿಯಾಗಿ ಬಂದಿದ್ದರೆ ಪದರ ತೆಳ್ಳಗಾಗಿದೆ ಅಥವಾ ಜಾಲರಿ ತಳಕ್ಕೆ ಕುಸಿದಿದೆ. ತಾರಸಿಯಾಗಿದ್ದರೆ ಮಳೆಗಾಲಕ್ಕೆ ಮುಂಚೆ ಇದಕ್ಕೊಂದು ದಾರಿ ಮಾಡಲೇಬೇಕು, ಟೊಳ್ಳಿಗೆ ನೀರು ಸೇರಿಕೊಂಡರೆ ಹೊರತೆಗೆಯುವುದು ಕಷ್ಟ.

ಮುಂದೆ ಉಯ್ಯಾಲೆ, ದೀಪ, ಪರದೆ ಅಂತ ಏನನ್ನು ತೂಗು ಹಾಕಿದರೂ ತೂತು ಕೊರೆಯುವುದು ಹೆಂಚಿಗಲ್ಲ. ಹಗುರದ್ದಕ್ಕೆ ಪಟ್ಟಿ, ಅದೂ ಕಂಬಿ ಮತ್ತು ಪೈಪ್ ತಪ್ಪಿಸಿ. ಉಯ್ಯಾಲೆಯಂಥ ಭಾರದ್ದು ಬೇಕು ಅನ್ನುವುದಿದ್ದರೆ ಹಂತ 3ರಲ್ಲೇ ಹೇಳಿ, ಆ ಜಾಗದ ಹೆಂಚು ಬಿಡಿಸಿ, ಕೊಕ್ಕೆಯನ್ನು ಕಂಬಿಗೆ ಕಟ್ಟಿಸಿರಬೇಕು. ಕಾಂಕ್ರೀಟ್ ಹಾಕುವ ಮುಂಚೆ ಟೇಪ್ ಹಿಡಿದು, ಗೋಡೆಯ ಅಂಚು ಕಾಣುವ ಹಾಗೆ ಇಡೀ ಸ್ಲ್ಯಾಬಿನ ಫೋಟೋ ತೆಗೆದಿಟ್ಟುಕೊಳ್ಳಿ. ಯಾವ ಪಟ್ಟಿಯಲ್ಲಿ ಕರೆಂಟ್ ಪೈಪ್ ಹಾದಿದೆ ಅಂತ ಡ್ರಿಲ್ ಹಿಡಿದವರಿಗೆ ಆಮೇಲೆ ತೋರಿಸಲು ಅದೊಂದೇ ದಾಖಲೆ.